ಮಾರಿ ಮುಚ್ಚಿ, ಮುಚ್ಚಿ ಮಾರಬೇಡಿ

ಅಂಗಡಿ ನಿಲ್ಲಿಸಲು ತೀರ್ಮಾನಿಸಿದ ಸಣ್ಣ ವ್ಯಾಪಾರಿ ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಆಡಿಟರಿಗೆ ಫೋನ್ ಹಚ್ಚಿ ‘ಜಿಎಸ್‌ಟಿ ನಂಬರ್ ಕ್ಯಾನ್ಸಲ್ ಮಾಡಿಸಿಬಿಡಿ ಸಾರ್’ ಎನ್ನುವುದು. ಅರ್ಜಿ ಹೋಗುತ್ತದೆ, ರದ್ದತಿ ಆದೇಶ ಬರುತ್ತದೆ. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡವರಿಗೆ ಕೆಲವು ತಿಂಗಳ ಮೇಲೆ ನೋಟಿಸ್ ಬರುತ್ತದೆ: ಅಂತಿಮ ರಿಟರ್ನ್ ಸಲ್ಲಿಸಿಲ್ಲ, ದಿನದ ಲೆಕ್ಕದಲ್ಲಿ ವಿಳಂಬ ಶುಲ್ಕ ಏರುತ್ತಿದೆ. ಅದಕ್ಕಿಂತ ದೊಡ್ಡ ನಷ್ಟ ಎಷ್ಟೋ ಸಲ ಅಷ್ಟರೊಳಗೆ ಆಗಿಹೋಗಿರುತ್ತದೆ. ಸ್ಟಾಕು ಖಾಲಿ ಮಾಡುವ ಮೊದಲೇ ನೋಂದಣಿ ರದ್ದಾಗಿರುತ್ತದೆ.

ಇದು ಯಾಕೆ ನಷ್ಟ ಎಂದು ತಿಳಿಯಲು ಇನ್‌ಪುಟ್ ಕ್ರೆಡಿಟ್‌ನ ಲೆಕ್ಕ ನೋಡಬೇಕು. ವ್ಯಾಪಾರಿ ಸರಕು ಕೊಳ್ಳುವಾಗ ಕೊಟ್ಟ ತೆರಿಗೆ ಅವನ ಕ್ರೆಡಿಟ್ ಲೆಡ್ಜರ್‌ನಲ್ಲಿ ಜಮೆಯಾಗುತ್ತದೆ. ಮಾರುವಾಗ ಗಿರಾಕಿಯಿಂದ ವಸೂಲು ಮಾಡಿದ ತೆರಿಗೆಯಿಂದ ಅದನ್ನು ಕಳೆದುಕೊಂಡು ಉಳಿದದ್ದನ್ನು ಕಟ್ಟುತ್ತಾನೆ. ಈ ಸವಲತ್ತು ಕೊಟ್ಟಿರುವುದು ಮುಂದೆ ಆ ಸರಕು ತೆರಿಗೆ ಸಹಿತ ಮಾರಾಟವಾಗುತ್ತದೆ ಎಂಬ ನಂಬಿಕೆಯ ಮೇಲೆ. ನೋಂದಣಿಯೇ ರದ್ದಾದರೆ ಕಪಾಟಿನಲ್ಲಿ ಉಳಿದ ಸರಕಿಗೆ ಮುಂದೆ ತೆರಿಗೆ ಬರುವುದಿಲ್ಲ. ಹಾಗಾಗಿ ಅದರ ಮೇಲೆ ಪಡೆದ ಕ್ರೆಡಿಟ್ಟನ್ನು ಸರ್ಕಾರ ವಾಪಸ್ ಕೇಳುತ್ತದೆ.

ಕೇಂದ್ರ ಜಿಎಸ್‌ಟಿ ಕಾಯ್ದೆಯ 29(5)ನೇ ಕಲಂ ಹೇಳುವುದು ಇದನ್ನೇ, ಆದರೆ ಅದರಲ್ಲೊಂದು ಕೊಕ್ಕೆ ಇದೆ. ರದ್ದತಿಯ ಹಿಂದಿನ ದಿನ ಕೈಯಲ್ಲಿದ್ದ ಸರಕಿನ ಮೇಲೆ ಪಡೆದ ಕ್ರೆಡಿಟ್ ಎಷ್ಟು, ಅದೇ ಸರಕನ್ನು ಈಗ ಮಾರಿದರೆ ಕಟ್ಟಬೇಕಾದ ತೆರಿಗೆ ಎಷ್ಟು ಎಂದು ಎರಡನ್ನೂ ಲೆಕ್ಕ ಹಾಕಿ, ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಬಾಗಿಲು ಹಾಕುವ ಮೊದಲು ಮಾರಿದ ಸರಕಿಗೆ ಈ ‘ಯಾವುದು ಹೆಚ್ಚೋ ಅದು’ ಎಂಬ ನಿಯಮವಿಲ್ಲ. ಎಷ್ಟಕ್ಕೆ ಮಾರಿದಿರೋ ಅಷ್ಟಕ್ಕೆ ತೆರಿಗೆ, ರಿಯಾಯಿತಿಯಲ್ಲಿ ಮಾರಿದರೆ ರಿಯಾಯಿತಿ ಬೆಲೆಗೇ ತೆರಿಗೆ.

ತಾಲ್ಲೂಕು ಕೇಂದ್ರದ ಒಂದು ಪಾತ್ರೆ ಅಂಗಡಿಯನ್ನು ಕಲ್ಪಿಸಿಕೊಳ್ಳಿ. 2026ರ ಜನವರಿ 31ಕ್ಕೆ ವ್ಯಾಪಾರ ನಿಲ್ಲಿಸಿ, ಫೆಬ್ರವರಿ 1ರಿಂದ ನೋಂದಣಿ ರದ್ದು ಮಾಡುವಂತೆ ಮಾಲೀಕರು ಕೇಳುತ್ತಾರೆ. ಅಂದರೆ ಲೆಕ್ಕಕ್ಕೆ ಬರುವುದು ಜನವರಿ 31ರ ಸ್ಟಾಕು. ಅದರಲ್ಲಿ ಒಂದು ಲಕ್ಷ ರೂಪಾಯಿಯ ಸ್ಟೀಲ್ ಪಾತ್ರೆಗಳಿವೆ, ಎಲ್ಲ ಹಿಂದಿನ ವರ್ಷದ ಬೇಸಿಗೆಯಲ್ಲಿ ಕೊಂಡವು. ಆಗ ಪಾತ್ರೆಗೆ ಶೇ 12 ತೆರಿಗೆ ಇತ್ತು, ಆದ್ದರಿಂದ ಅವರು 12,000 ರೂಪಾಯಿ ಕ್ರೆಡಿಟ್ ಪಡೆದಿದ್ದರು. 2025ರ ಸೆಪ್ಟೆಂಬರ್ 22ರಿಂದ ಆ ದರ ಶೇ 5ಕ್ಕೆ ಇಳಿದಿದೆ. ಈ ಪಾತ್ರೆಗಳಿಗೆ ಪೇಟೆಯಲ್ಲಿ ಈಗ 1,20,000 ರೂಪಾಯಿ ಬರುವುದಾದರೆ ಅದರ ಮೇಲಿನ ತೆರಿಗೆ ಬರೀ 6,000. ಆದರೂ ಕಟ್ಟಬೇಕಾದದ್ದು 12,000, ಯಾಕೆಂದರೆ ಅದೇ ಹೆಚ್ಚು.

ಇನ್ನು 50,000 ರೂಪಾಯಿಗೆ ಕೊಂಡ ಮಿಕ್ಸಿಗಳು. ಇವುಗಳ ದರ ಅಂದೂ ಇಂದೂ ಶೇ 18. ಪಡೆದ ಕ್ರೆಡಿಟ್ 9,000. ಪೇಟೆ ಬೆಲೆ 60,000 ಎಂದಾದರೆ ಅದರ ಮೇಲಿನ ತೆರಿಗೆ 10,800. ಇಲ್ಲಿ ಲೆಕ್ಕ ತಿರುಗುಮುರುಗು: ಕ್ರೆಡಿಟ್ ಕಡಿಮೆ, ತೆರಿಗೆ ಹೆಚ್ಚು. ಕಟ್ಟಬೇಕಾದದ್ದು 10,800.

ಮೂರನೆಯದು ಬಿಲ್ಲಿಂಗ್ ಕಂಪ್ಯೂಟರು ಮತ್ತು ಪ್ರಿಂಟರು. ಇವು ಮಾರುವ ಸರಕಲ್ಲ, ಬಂಡವಾಳ ಸರಕು, ಲೆಕ್ಕವೂ ಬೇರೆ. ನಿಯಮ 44ರ ಪ್ರಕಾರ ಇಂಥವುಗಳ ಆಯುಸ್ಸು ಐದು ವರ್ಷ, ಅಂದರೆ 60 ತಿಂಗಳು. ಬಳಸಿದ ಪ್ರತಿ ತಿಂಗಳಿಗೆ ಕ್ರೆಡಿಟ್‌ನ ಅರವತ್ತರಲ್ಲಿ ಒಂದು ಪಾಲು ಕರಗುತ್ತದೆ. ಅರೆಬರೆ ತಿಂಗಳನ್ನೂ ಇಡೀ ತಿಂಗಳೆಂದೇ ಹಿಡಿಯಬೇಕು, ಅದು ವ್ಯಾಪಾರಿಗೇ ಅನುಕೂಲ. 2023ರ ಫೆಬ್ರವರಿ 10ರ ಬಿಲ್ಲಿನಲ್ಲಿ 60,000 ರೂಪಾಯಿಗೆ ಕೊಂಡು 10,800 ಕ್ರೆಡಿಟ್ ಪಡೆದಿದ್ದರೆ, 36 ತಿಂಗಳು ಕಳೆದವು, 24 ಉಳಿದವು. ಹೀಗೆ ಉಳಿದ ಪಾಲು 4,320 ರೂಪಾಯಿ. ಹಳೆಯ ಕಂಪ್ಯೂಟರು, ಪ್ರಿಂಟರಿಗೆ ಈಗ 15,000 ಬರುತ್ತದೆ ಎಂದರೆ ಅದರ ತೆರಿಗೆ 2,700. ಇಲ್ಲೂ ಹೆಚ್ಚಿನದೇ, ಅಂದರೆ 4,320, ಕಟ್ಟಬೇಕು.

ಮೂರೂ ಸೇರಿ 27,120 ರೂಪಾಯಿ. ಇದನ್ನು ಕ್ರೆಡಿಟ್ ಲೆಡ್ಜರ್‌ನಲ್ಲಿ ಉಳಿದ ಹಣದಿಂದಲೂ ಕಟ್ಟಬಹುದು. ಅಲ್ಲಿ 14,000 ಇದ್ದರೆ ಕೈಯಿಂದ ಹೋಗುವುದು 13,120.

ಅದೇ ಮಾಲೀಕರು ಜನವರಿಯಲ್ಲಿ ‘ಸ್ಟಾಕ್ ಕ್ಲಿಯರೆನ್ಸ್’ ಬೋರ್ಡು ಹಾಕಿ, ಪಾತ್ರೆಗಳನ್ನು ತೆರಿಗೆ ಬಿಟ್ಟು 90,000ಕ್ಕೆ, ಮಿಕ್ಸಿಗಳನ್ನು 45,000ಕ್ಕೆ, ಅಂದರೆ ಕೊಂಡದ್ದಕ್ಕಿಂತ ಕಡಿಮೆಗೇ ಮಾರಿದ್ದರು ಎನ್ನಿ. ಪಾತ್ರೆಯ ಮೇಲೆ 4,500, ಮಿಕ್ಸಿಯ ಮೇಲೆ 8,100, ಒಟ್ಟು 12,600 ತೆರಿಗೆ. ಮುಚ್ಚಿದ ಮೇಲಾದರೆ ಇವೆರಡಕ್ಕೇ 22,800 ಕಟ್ಟಬೇಕಿತ್ತು. ಕಂಪ್ಯೂಟರಿನ 4,320 ಸೇರಿಸಿ, 14,000 ಕ್ರೆಡಿಟ್ ಕಳೆದರೆ ಕೈಯಿಂದ ಹೋಗುವುದು 2,920 ಮಾತ್ರ. ಮೇಲಾಗಿ ಆ 12,600 ಗಿರಾಕಿಯ ಬಿಲ್ಲಿನಲ್ಲೇ ವಸೂಲಾಗಿರುತ್ತದೆ. ಮುಚ್ಚಿದ ಮೇಲೆ ಕಟ್ಟುವ ತೆರಿಗೆಯನ್ನು ಯಾರಿಂದಲೂ ವಸೂಲು ಮಾಡಲಾಗದು, ಅದು ಪೂರ್ತಿ ಮಾಲೀಕರ ಜೇಬಿನದು.

ಆದ್ದರಿಂದ ಅರ್ಜಿ ಹಾಕುವುದು ಮಾರಾಟ ಮುಗಿದ ಮೇಲೆ. ಅರ್ಜಿ ಸಲ್ಲಿಸಿದ ದಿನ ಅಥವಾ ರದ್ದತಿ ಕೋರಿದ ದಿನ, ಇವೆರಡರಲ್ಲಿ ತಡವಾದ ದಿನದಿಂದ ನೋಂದಣಿ ತಾನಾಗಿಯೇ ಅಮಾನತಿಗೆ ಹೋಗುತ್ತದೆ. ಆಮೇಲೆ ತೆರಿಗೆ ಹಾಕಿ ಬಿಲ್ಲು ಕೊಡುವಂತಿಲ್ಲ. ಹಾಗೆಂದು ತಿಂಗಳುಗಟ್ಟಲೆ ತಳ್ಳಲೂ ಬರುವುದಿಲ್ಲ. ವ್ಯಾಪಾರ ನಿಂತ 30 ದಿನದೊಳಗೆ ಆರ್‌ಇಜಿ-16 ಅರ್ಜಿ ಹೋಗಬೇಕು. ನೋಂದಣಿ ಇರುವಷ್ಟು ಕಾಲ ವ್ಯಾಪಾರ ಸೊನ್ನೆಯಾದರೂ ರಿಟರ್ನ್ ಸಲ್ಲಿಸಬೇಕು, ತಪ್ಪಿದರೆ ಅದಕ್ಕೆ ಬೇರೆ ದಂಡ.

ಅರ್ಜಿ ಇರುವುದು ಜಿಎಸ್‌ಟಿ ಪೋರ್ಟಲ್‌ನಲ್ಲಿ Services > Registration > Application for Cancellation of Registration ಎಂಬಲ್ಲಿ. ಮುಂದಿನ ಪತ್ರ ವ್ಯವಹಾರಕ್ಕೆ ವಿಳಾಸ, ರದ್ದತಿಯ ಕಾರಣ, ಯಾವ ದಿನದಿಂದ ರದ್ದಾಗಬೇಕು, ಉಳಿದ ಸ್ಟಾಕು ಮತ್ತು ಅದರ ತೆರಿಗೆ ಎಷ್ಟು ಎಂದು ಕೇಳುತ್ತದೆ. ವಿಳಾಸದ ಜಾಗದಲ್ಲಿ ಬಿಟ್ಟುಹೋಗುವ ಅಂಗಡಿಯದನ್ನು ಬರೆಯದೆ ಮನೆಯದನ್ನು ಕೊಡುವುದು ಮೇಲು. ಸ್ಟಾಕಿನ ಹಣ ಆಗಲೇ ಕಟ್ಟಲೇಬೇಕೆಂದಿಲ್ಲ, ಅಂತಿಮ ರಿಟರ್ನ್ ಜೊತೆ ಕಟ್ಟಬಹುದು ಎಂದು ಇಲಾಖೆ 2018ರ ಅಕ್ಟೋಬರ್‌ನಲ್ಲೇ ಸುತ್ತೋಲೆಯಲ್ಲಿ ತಿಳಿಸಿದೆ. ಅರ್ಜಿ ಸರಿಯಾಗಿದ್ದರೆ ಅಧಿಕಾರಿ 30 ದಿನದೊಳಗೆ ಆರ್‌ಇಜಿ-19 ನಮೂನೆಯಲ್ಲಿ ರದ್ದತಿ ಆದೇಶ ಕೊಡಬೇಕು.

ಅಂಗಡಿಯನ್ನು ಮುಚ್ಚದೆ ಮಗನಿಗೋ ಇನ್ನೊಬ್ಬರಿಗೋ ಸ್ಟಾಕು, ಸಾಲ ಸಮೇತ ವಹಿಸಿಕೊಡುವವರ ದಾರಿ ಬೇರೆ. ಹೊಸ ಮಾಲೀಕರು ನೋಂದಣಿ ಮಾಡಿಸಿಕೊಂಡರೆ ಉಳಿದ ಕ್ರೆಡಿಟ್ಟನ್ನು ಐಟಿಸಿ-02 ನಮೂನೆಯಲ್ಲಿ ಅವರ ಹೆಸರಿಗೆ ವರ್ಗಾಯಿಸಬಹುದು. ಇದನ್ನು ಹಳೆಯ ನೋಂದಣಿ ಜೀವಂತ ಇರುವಾಗಲೇ ಮಾಡಬೇಕು. ರಾಜಿ ತೆರಿಗೆ ಅಥವಾ ಕಾಂಪೊಸಿಷನ್ ಪದ್ಧತಿಯಲ್ಲಿದ್ದವರು ಮುಂದೆ ಹೇಳುವ ಜಿಎಸ್‌ಟಿಆರ್-10 ಸಲ್ಲಿಸಬೇಕಿಲ್ಲ.

ಉಳಿದವರೆಲ್ಲರಿಗೂ ಎರಡನೆಯ ಹೆಜ್ಜೆ ಈ ಜಿಎಸ್‌ಟಿಆರ್-10. ಮಾಮೂಲಿನಂತೆ ಕೊನೆಯ ತಿಂಗಳಿಗೆ ಸಲ್ಲಿಸುವ ಜಿಎಸ್‌ಟಿಆರ್-3ಬಿ ಬೇರೆ, ಇದು ಬೇರೆ. ಗೊಂದಲ ಹುಟ್ಟುವುದೇ ಇಲ್ಲಿ: ‘ಕೊನೆಯ ರಿಟರ್ನ್ ಹಾಕಿದ್ದೇನೆ’ ಎನ್ನುವ ಎಷ್ಟೋ ಜನ ಹಾಕಿರುವುದು ಕೊನೆಯ 3ಬಿ. ಜಿಎಸ್‌ಟಿಆರ್-10 ತುಂಬಲು ಸಾಧ್ಯವಾಗುವುದು ನೋಂದಣಿ ರದ್ದಾದ ಮೇಲೆ, Services > Returns > Final Return ಎಂಬಲ್ಲಿ. ಗಡುವು ಮೂರು ತಿಂಗಳು, ಅದೂ ರದ್ದತಿ ಜಾರಿಯಾದ ದಿನ ಅಥವಾ ಆದೇಶದ ದಿನ, ಯಾವುದು ತಡವೋ ಅಲ್ಲಿಂದ. ನಮ್ಮ ಪಾತ್ರೆ ಅಂಗಡಿಗೆ ಆದೇಶ ಫೆಬ್ರವರಿ 20ಕ್ಕೆ ಬಂದರೆ ಮೇ 20ರವರೆಗೆ ಸಮಯವಿದೆ. ಸ್ಟಾಕು ಸೊನ್ನೆಯಾಗಿದ್ದರೂ ಸಲ್ಲಿಸಲೇಬೇಕು. ತಡವಾದರೆ ಕೇಂದ್ರ, ರಾಜ್ಯ ಸೇರಿ ದಿನಕ್ಕೆ 200 ರೂಪಾಯಿ, ಗರಿಷ್ಠ 10,000. ನೋಟಿಸ್ ಕೊಟ್ಟ 15 ದಿನದಲ್ಲೂ ಸಲ್ಲಿಸದಿದ್ದರೆ ಅಧಿಕಾರಿ ತಮಗೆ ಸಿಕ್ಕ ಮಾಹಿತಿಯ ಮೇಲೆ ತಾವೇ ತೆರಿಗೆ ನಿಗದಿ ಮಾಡಬಹುದು.

ರಿಟರ್ನಿನಲ್ಲಿ ಉಳಿದ ಸ್ಟಾಕನ್ನು ಖರೀದಿ ಬಿಲ್ಲಿನ ಆಧಾರದ ಮೇಲೆ ನಮೂದಿಸಬೇಕು. ಬಿಲ್ಲು ಸಿಗದ ಸರಕಿಗೆ ಅಂದಿನ ಪೇಟೆ ಬೆಲೆಯೇ ಆಧಾರ, ಅದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಅಥವಾ ಕಾಸ್ಟ್ ಅಕೌಂಟೆಂಟ್ ಪ್ರಮಾಣಪತ್ರ ಬೇಕು, ಅವರ ಶುಲ್ಕವೂ ಸೇರುತ್ತದೆ. ಹಾಗಾಗಿ ಹಳೆಯ ಕಾಗದಪತ್ರ ರದ್ದಿಗೆ ಹಾಕುವ ಮೊದಲು ಉಳಿದ ಸರಕಿನ ಬಿಲ್ಲುಗಳನ್ನು ಬೇರೆ ತೆಗೆದಿಡಿ. ಒಮ್ಮೆ ಸಲ್ಲಿಸಿದ ಜಿಎಸ್‌ಟಿಆರ್-10 ತಿದ್ದಲು ಬರುವುದಿಲ್ಲ.

ಕೊನೆಗೆ ಲೆಡ್ಜರ್‌ನಲ್ಲಿ ಉಳಿದ ಹಣದ ಮಾತು. ಕ್ಯಾಶ್ ಲೆಡ್ಜರ್‌ನಲ್ಲಿ ಹೆಚ್ಚಾಗಿ ಕಟ್ಟಿದ ಹಣ ಉಳಿದಿದ್ದರೆ ಆರ್‌ಎಫ್‌ಡಿ-01 ಅರ್ಜಿ ಹಾಕಿ ಮರಳಿ ಪಡೆಯಬಹುದು. ಅದು ಬ್ಯಾಂಕ್ ಖಾತೆಗೇ ಬರುವುದರಿಂದ ಅಲ್ಲಿಯವರೆಗೆ ಅಂಗಡಿಯ ಚಾಲ್ತಿ ಖಾತೆ ಮುಚ್ಚಬೇಡಿ. ಕ್ರೆಡಿಟ್ ಲೆಡ್ಜರ್‌ನಲ್ಲಿ ಉಳಿದದ್ದಕ್ಕೆ, ಬರೀ ಅಂಗಡಿ ಮುಚ್ಚಿದ ಕಾರಣಕ್ಕೆ ಮರುಪಾವತಿ ಕೊಡುವ ಅವಕಾಶ ಕಾಯ್ದೆಯಲ್ಲಿಲ್ಲ. ಆದ್ದರಿಂದ ಮೊದಲು ಅದನ್ನು ಬಳಸಿ, ಕೊರತೆ ಬಿದ್ದಷ್ಟನ್ನೇ ನಗದಾಗಿ ಕಟ್ಟಿ. ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2025–26ರ ಗಡುವು 2026ರ ಡಿಸೆಂಬರ್ 31, ಅಂದರೆ ಆ ವರ್ಷದ ಪುಸ್ತಕಗಳು 2032ರ ಡಿಸೆಂಬರ್‌ವರೆಗೆ ಮನೆಯಲ್ಲಿರಬೇಕು. ನೋಂದಣಿಗೆ ಕೊಟ್ಟ ಮೊಬೈಲ್ ನಂಬರು, ಇ-ಮೇಲನ್ನೂ ಚಾಲ್ತಿಯಲ್ಲಿಡಿ. ನೋಂದಣಿ ರದ್ದಾಯಿತೆಂದು ಹಳೆಯ ಬಾಕಿಯ ಹೊಣೆ ತಪ್ಪುವುದಿಲ್ಲ, ಅದರ ಸುದ್ದಿ ಮೊದಲು ಬರುವುದೂ ಅಲ್ಲಿಗೇ.