ನೋವಾ ನಿಂತ ಮೇಲೆ ಮೀಟಿಯರ್

ಉಪಗ್ರಹದಿಂದ ನೇರವಾಗಿ ಮೋಡದ ಚಿತ್ರ ಹಿಡಿಯುವುದು ಹೇಗೆ ಎಂದು ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವ ಪಾಠಗಳಲ್ಲಿ ಹೆಚ್ಚಿನವು ಈಗ ಕೆಲಸಕ್ಕೆ ಬಾರವು. ಅವೆಲ್ಲ ಅಮೆರಿಕದ ನೋವಾ-15, 18 ಮತ್ತು 19 ಎಂಬ ಮೂರು ಉಪಗ್ರಹಗಳನ್ನು ನಂಬಿ ಬರೆದವು. 2025ರ ಜೂನ್ ಮತ್ತು ಆಗಸ್ಟ್ ನಡುವೆ ಈ ಮೂರನ್ನೂ ಒಂದೊಂದಾಗಿ ಸೇವೆಯಿಂದ ತೆಗೆದುಹಾಕಲಾಯಿತು. ಅವುಗಳಲ್ಲಿ ನೋವಾ-15 ಹಾರಿದ್ದು 1998ರಲ್ಲಿ. ಹಳೆಯ ವಿಡಿಯೊ ನೋಡಿಕೊಂಡು ಆಂಟೆನಾ ಕಟ್ಟಿದವರು ಎಷ್ಟು ಹೊತ್ತು ತಾರಸಿಯಲ್ಲಿ ನಿಂತರೂ ಆ ‘ಟಿಕ್-ಟಾಕ್’ ಸದ್ದು ಇನ್ನು ಕೇಳಿಸುವುದಿಲ್ಲ.

ಆಟ ಮುಗಿದಿಲ್ಲ, ಆಟಗಾರ ಬದಲಾಗಿದ್ದಾನೆ ಅಷ್ಟೆ. ರಷ್ಯಾದ ಮೀಟಿಯರ್-ಎಂ ಸರಣಿಯ ಎರಡು ಉಪಗ್ರಹಗಳು, 2023ರ ಜೂನ್‌ನಲ್ಲಿ ಹಾರಿದ N2-3 ಮತ್ತು 2024ರ ಫೆಬ್ರವರಿಯಲ್ಲಿ ಹಾರಿದ N2-4, ಸುಮಾರು 820 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಿವೆ. ಹೋಗುತ್ತ ಹೋಗುತ್ತಲೇ ಕೆಳಗೆ ಕಂಡದ್ದನ್ನು 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಪ್ರಸಾರ ಮಾಡುತ್ತವೆ. ಬೀಗ ಹಾಕಿದ ಪ್ರಸಾರವಲ್ಲ, ಆಂಟೆನಾ ಇದ್ದವರೆಲ್ಲ ಹಿಡಿಯಬಹುದು. ನೋವಾದ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ನಾಲ್ಕು ಕಿಲೋಮೀಟರ್. ಮೀಟಿಯರ್‌ನದರಲ್ಲಿ ಒಂದೇ ಕಿಲೋಮೀಟರ್. ಕರಾವಳಿಯ ಅಂಚು, ತುಂಗಭದ್ರಾ ಜಲಾಶಯ ಬಿಡಿಬಿಡಿಯಾಗಿ ಕಾಣುತ್ತವೆ.

ಇದನ್ನು ಹಿಡಿಯುವ ಡಾಂಗಲ್ ಮೂಲತಃ ಯುರೋಪಿನ ಡಿಜಿಟಲ್ ಟಿವಿ ನೋಡಲು ಮಾಡಿದ ಪೆನ್‌ಡ್ರೈವ್ ಗಾತ್ರದ ಸಾಧನ. ಅದರೊಳಗಿನ RTL2832U ಎಂಬ ಚಿಪ್ ರೇಡಿಯೊ ಸಂಕೇತವನ್ನು ಸಂಸ್ಕರಿಸದೆ, ಹಸಿಹಸಿಯಾಗಿಯೇ ಕಂಪ್ಯೂಟರಿಗೆ ಕೊಡಬಲ್ಲದು ಎಂಬುದು 2012ರ ಹೊತ್ತಿಗೆ ಹವ್ಯಾಸಿಗಳಿಗೆ ತಿಳಿಯಿತು. ಅಲ್ಲಿಂದ ಮುಂದೆ ಅದು ಯಾವ ರೇಡಿಯೊ ಆಗಬೇಕು ಎನ್ನುವುದನ್ನು ತೀರ್ಮಾನಿಸುವುದು ತಂತ್ರಾಂಶ.

ಆಂಟೆನಾ ಕಟ್ಟುವುದಕ್ಕೆ ಹಾರ್ಡ್‌ವೇರ್ ಅಂಗಡಿಯ ಸಾಮಾನು ಸಾಕು. ಮೂರ್ನಾಲ್ಕು ಮಿಲಿಮೀಟರ್ ದಪ್ಪದ ಎರಡು ಅಲ್ಯೂಮಿನಿಯಂ ಕಡ್ಡಿ, ವೈರಿಂಗ್ ಮಾಡುವವರು ಬಳಸುವ ಸ್ಕ್ರೂ ಕನೆಕ್ಟರ್‌ನ ಎರಡು ಮನೆ, ಒಂದು ಪಿವಿಸಿ ಪೈಪು, ಒಂದಷ್ಟು ಕೋಆಕ್ಸಿಯಲ್ ಕೇಬಲ್. ಈ ತರಂಗದ ಉದ್ದ 2.18 ಮೀಟರ್. ಅದರ ಕಾಲುಭಾಗ 54 ಸೆಂಟಿಮೀಟರ್ ಚಿಲ್ಲರೆ. ಕಡ್ಡಿಯ ದಪ್ಪದಿಂದಾಗಿ ಒಂಚೂರು ಕಡಿಮೆ ಮಾಡಿ 53.4 ಸೆಂಟಿಮೀಟರಿಗೆ ಕತ್ತರಿಸುವುದು ರೂಢಿ. ಒಂದು ಕಡ್ಡಿಗೆ ಕೇಬಲಿನ ನಡುತಂತಿ, ಇನ್ನೊಂದಕ್ಕೆ ಹೊರಗಿನ ಜಾಲರಿ ಸೇರಿಸಿ, ಎರಡರ ನಡುವೆ 120 ಡಿಗ್ರಿ ಬರುವಂತೆ ‘ವಿ’ ಆಕಾರದಲ್ಲಿ ಬಿಡಿಸಿ, ನೆಲಕ್ಕೆ ಸಮಾಂತರವಾಗಿ ಮಲಗಿಸಬೇಕು. ‘ವಿ’ಯ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ, ಉಪಗ್ರಹ ಬರುವ ಹೋಗುವ ದಾರಿ ಅದೇ. ಟಿವಿ ಕೇಬಲ್ 75 ಓಮಿನದು, ಡಾಂಗಲ್ 50ರದ್ದು ಎಂದು ತಲೆ ಕೆಡಿಸಿಕೊಳ್ಳುವವರಿದ್ದಾರೆ. ಇಷ್ಟು ಕಡಿಮೆ ಆವರ್ತನದಲ್ಲಿ ಅದರಿಂದ ಆಗುವ ನಷ್ಟ ಲೆಕ್ಕಕ್ಕಿಲ್ಲ.

ಮಲಗಿಸುವುದಕ್ಕೊಂದು ಕಾರಣವಿದೆ. ನೆಲದ ಮೇಲಿನ ವಾಕಿಟಾಕಿ, ಪೇಜರ್ ಮುಂತಾದವು ಬಹುಪಾಲು ನಿಂತ ಆಂಟೆನಾದಿಂದ ಹೊರಡುತ್ತವೆ. ಮಲಗಿದ ಕಡ್ಡಿಗೆ ಅವು ಬಹಳ ಕ್ಷೀಣವಾಗಿ ಮುಟ್ಟುತ್ತವೆ. ಉಪಗ್ರಹದ ಅಲೆ ಸುರುಳಿಯಾಗಿ ತಿರುಗುತ್ತ ಬರುವುದರಿಂದ ಅದರ ಅರ್ಧ ಶಕ್ತಿಯಾದರೂ ಸಿಕ್ಕೇ ಸಿಗುತ್ತದೆ. ಅರ್ಧ ಬಿಟ್ಟುಕೊಟ್ಟು ಗಲಾಟೆಯಿಂದ ಪಾರಾಗುವ ಈ ವ್ಯವಹಾರ ಊರಿನೊಳಗೆ ಲಾಭದ್ದೇ.

ಉಪಗ್ರಹ ಯಾವಾಗ ಬರುತ್ತದೆ ಎಂಬುದನ್ನು N2YO ಜಾಲತಾಣವೋ Look4Sat ಆ್ಯಪೋ ಹೇಳುತ್ತದೆ. ಸೂರ್ಯನಿಗೆ ಹೊಂದಿಸಿದ ಕಕ್ಷೆಯಾದ್ದರಿಂದ ಒಂದೇ ಊರಿಗೆ ದಿನವೂ ಹೆಚ್ಚುಕಡಿಮೆ ಅದೇ ವೇಳೆಗೆ, ಹನ್ನೆರಡು ಗಂಟೆಯ ಅಂತರದ ಎರಡು ಹೊತ್ತಿನಲ್ಲಿ ಬರುತ್ತದೆ. ಗಮನಿಸಬೇಕಾದದ್ದು ಅದು ಏರುವ ಗರಿಷ್ಠ ಕೋನ. ಬೆಂಗಳೂರಿನ ತಾರಸಿಯೊಂದರಿಂದ 60 ಡಿಗ್ರಿಯ ಒಂದು ಹಗಲಿನ ಹಾದಿಯನ್ನು ತೆಗೆದುಕೊಳ್ಳೋಣ. SatDump ತಂತ್ರಾಂಶದಲ್ಲಿ ಡಾಂಗಲನ್ನು ಆರಿಸಿ, ಆ ವಾರ ಆ ಉಪಗ್ರಹ ಬಳಸುತ್ತಿರುವ 137.9 ಅಥವಾ 137.1 ಮೆಗಾಹರ್ಟ್ಸ್ ಕೊಟ್ಟು, `METEOR M2-x LRPT 72k` ಎಂಬುದನ್ನು ಆಯ್ದು ಕಾಯಬೇಕು. ದಿಗಂತದಿಂದ ಹತ್ತು ಡಿಗ್ರಿ ಮೇಲೆ ಬರುವ ಹೊತ್ತಿಗೆ ಪರದೆಯ ಮೇಲೆ ಸುಮಾರು 120 ಕಿಲೋಹರ್ಟ್ಸ್ ಅಗಲದ ಒಂದು ದಿಬ್ಬ ಮೆಲ್ಲನೆ ಏಳುತ್ತದೆ. ಪಕ್ಕದ ಚೌಕದಲ್ಲಿ ಚದುರಿದ್ದ ಚುಕ್ಕೆಗಳು ನಾಲ್ಕು ಗುಂಪಾಗಿ ಒಡೆಯುತ್ತವೆ. `NOSYNC` ಎಂದು ಕೆಂಪಾಗಿದ್ದ ಅಕ್ಷರ `SYNCED` ಎಂದು ಹಸಿರಾದಾಗ ಚಿತ್ರ ಸಾಲುಸಾಲಾಗಿ ಇಳಿಯತೊಡಗುತ್ತದೆ. ಉಪಗ್ರಹ ಓಡುತ್ತಿರುವ ವೇಗಕ್ಕೆ ಆವರ್ತನ ಮೂರು ಕಿಲೋಹರ್ಟ್ಸ್‌ನಷ್ಟು ಆಚೀಚೆ ಜಾರುತ್ತದೆ, ಅದನ್ನು ತಂತ್ರಾಂಶವೇ ಸರಿದೂಗಿಸುತ್ತದೆ.

ಹತ್ತು ನಿಮಿಷ ಚೆನ್ನಾಗಿ ಸಿಕ್ಕರೆ ಹಿಮಾಲಯದಿಂದ ಶ್ರೀಲಂಕಾದ ಆಚೆಯವರೆಗೆ ಚಿತ್ರ ಬರುತ್ತದೆ, ಅಗಲ ಸುಮಾರು 2,800 ಕಿಲೋಮೀಟರ್. `221` ಎಂಬ ಹೆಸರಿನ ಬಣ್ಣದ ಜೋಡಣೆಯಲ್ಲಿ ಕಾಡು ಹಸಿರಾಗಿರದೆ ಹಳದಿಯಾಗಿರುತ್ತದೆ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು ಎಲೆಗಳು ಹೇರಳವಾಗಿ ಹಿಂದಿರುಗಿಸುವುದರ ಫಲ ಅದು. ಮುಂಗಾರಿನಲ್ಲಿ ಪಶ್ಚಿಮ ಘಟ್ಟಕ್ಕೆ ಒತ್ತಿ ನಿಂತ ಮೋಡದ ರಾಶಿ ಎಲ್ಲಿ ಮುಗಿದು ಬಯಲುಸೀಮೆ ಎಲ್ಲಿ ತೆರೆಯುತ್ತದೆ ಎಂಬುದನ್ನು ಆ ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದು. ಇಸ್ರೋದ ಮೋಸ್‌ಡಾಕ್ ಜಾಲತಾಣದಲ್ಲಿ ಇನ್ಸಾಟ್ ಚಿತ್ರಗಳು ಪುಕ್ಕಟೆಯಾಗಿ ಸಿಗುವಾಗ ಇಷ್ಟು ಪಾಡೇಕೆ ಎಂದು ಮನೆಯವರು ಕೇಳಿದರೆ, ಪ್ರಶ್ನೆಯಲ್ಲಿ ತಪ್ಪೇನಿಲ್ಲ.

ಎಡವಟ್ಟಾದರೆ ಗುರುತಿಸುವುದು ಹೇಗೆ? ಇಲ್ಲೇ ಮೀಟಿಯರ್ ನೋವಾಕ್ಕಿಂತ ಬೇರೆ. ನೋವಾದ ಸಂಕೇತ ಕ್ಷೀಣಿಸಿದರೆ ಚಿತ್ರದಲ್ಲಿ ಮರಳು ಎರಚಿದಂತೆ ಕಾಣುತ್ತಿತ್ತು, ಒಳಗಿನದು ಹೇಗೋ ತಿಳಿಯುತ್ತಿತ್ತು. ಮೀಟಿಯರ್ ಡಿಜಿಟಲ್. ಸಂಕೇತ ಒಂದು ಮಟ್ಟಕ್ಕಿಂತ ಮೇಲಿದ್ದರೆ ಚಿತ್ರ ಸ್ವಚ್ಛ, ಕೆಳಗಿಳಿದರೆ ಕಪ್ಪು ಪಟ್ಟಿ, ನಡುವೆ ಏನೂ ಇಲ್ಲ. ಆದ್ದರಿಂದ ಚಿತ್ರ ನೋಡಿ ರೋಗ ಹೇಳಲಾಗದು, ಸಂಕೇತದ ದಿಬ್ಬವನ್ನೇ ನೋಡಬೇಕು.

ನಗರದಲ್ಲಿ ಮೊದಲ ಶತ್ರು ಎಫ್‌ಎಂ ಸ್ಟೇಷನ್. ಅದರ ಪ್ರಬಲ ಅಲೆ ಡಾಂಗಲಿನ ಸೂಕ್ಷ್ಮ ಕಿವಿಯನ್ನು ತುಂಬಿಬಿಡುತ್ತದೆ. ಎಫ್‌ಎಂ ಇರಬಾರದ ಜಾಗದಲ್ಲೂ ಸಿನಿಮಾ ಹಾಡು ಕೇಳಿಸಿದರೆ ಇದೇ ಕಾರಣವೆಂದು ತಿಳಿಯಬೇಕು. ಗೇನ್ ಇಳಿಸಿ ನೋಡುವುದು ಮೊದಲ ಮದ್ದು, 88ರಿಂದ 108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಎರಡನೆಯದು. ಎರಡನೆಯ ಶತ್ರು ಮನೆಯೊಳಗೇ ಇರುತ್ತದೆ: ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್. ಅವುಗಳ ಗದ್ದಲ ಪರದೆಯ ಮೇಲೆ ಅಲುಗಾಡದ ಉದ್ದುದ್ದ ಗೆರೆಗಳಾಗಿ ಕಾಣುತ್ತದೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ, ಇನ್ವರ್ಟರನ್ನೂ ಆರಿಸಿ, ಮನೆಯ ಮೇನ್ ಸ್ವಿಚ್ ಒಂದು ನಿಮಿಷ ಇಳಿಸಿದರೆ ಕಳ್ಳ ಮನೆಯವನೋ ಪಕ್ಕದವನೋ ಎಂಬುದು ಇತ್ಯರ್ಥವಾಗುತ್ತದೆ. ಕರೆಂಟ್ ಹೋದಾಗ ಖುಷಿಪಡುವವರು ಈ ಹವ್ಯಾಸದವರು ಮಾತ್ರವಿರಬೇಕು.

ಎಲ್ಲ ಸರಿಯಿದ್ದೂ ಸಂಕೇತ ಸೋಲುವುದುಂಟು. N2-3ರ ಪ್ರಸಾರದ ಆಂಟೆನಾ ಕಕ್ಷೆ ಸೇರಿದ ಮೇಲೆ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಹಾಗಾಗಿ ಕೆಲವು ಕೋನಗಳಲ್ಲಿ ಅದರ ಅಲೆ ಇದ್ದಕ್ಕಿದ್ದಂತೆ ಕುಸಿಯುತ್ತದೆ, ಅದಕ್ಕೆ ತಾರಸಿಯಲ್ಲಿ ಮಾಡುವಂಥದ್ದೇನೂ ಇಲ್ಲ. ಹೊಸಬರು N2-4ರಿಂದ, ಅದೂ ಹಗಲಿನಲ್ಲಿ, ಶುರುಮಾಡುವುದು ಒಳ್ಳೆಯದು. ರಾತ್ರಿ ಬೆಳಕಿನ ಚಾನೆಲ್‌ಗಳೆಲ್ಲ ಕಪ್ಪು, ಇನ್ಫ್ರಾರೆಡ್ ಚಾನೆಲ್ ಪ್ರಸಾರದಲ್ಲಿ ಇದ್ದರಷ್ಟೇ ಮೋಡ ಕಾಣುತ್ತದೆ.