ಎಜಿಎಂ ನೋಟಿಸ್ ಬಂದಿದೆ, ಮೊದಲು ದಿನ ಎಣಿಸಿ

ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರ ಬಂತು ಅಂದ್ರೆ ಷೇರು ಇಟ್ಟಿರೋರ ಇಮೇಲಿಗೆ ಒಂದು ಉದ್ದನೆ ಪಿಡಿಎಫ್ ಬಂದು ಬೀಳುತ್ತೆ. ಮೇಲೆ ‘ವಾರ್ಷಿಕ ಸಾಮಾನ್ಯ ಸಭೆಯ ನೋಟಿಸ್’ ಅಂತಿರುತ್ತೆ, ಅಂದ್ರೆ ಎಜಿಎಂ ನೋಟಿಸ್. ನಮ್ಮ ಜಿಲ್ಲೆಯಲ್ಲೇ ನೋಡಿ, ಕುಕ್ಕುವಾಡದಲ್ಲಿ ಕಾರ್ಖಾನೆ ಇರೋ ದಾವಣಗೆರೆ ಶುಗರ್ ಕಂಪನಿ ಷೇರು ಮಾರುಕಟ್ಟೆಯಲ್ಲಿ ಲಿಸ್ಟ್ ಆಗಿದೆ. ಚನ್ನಗಿರಿ, ಹೊನ್ನಾಳಿಯ ಹುಡುಗರು ಮೊಬೈಲ್ ಆ್ಯಪಿನಲ್ಲಿ ಇಂಥ ಷೇರು ತಗೊಳ್ತಾರೆ, ಬೆಲೆ ದಿನಾ ನೋಡ್ತಾರೆ, ನೋಟಿಸ್ ಮಾತ್ರ ತೆರೆಯಲ್ಲ. ಇವತ್ತಿನ ಕಂತು ಆ ನೋಟಿಸಿನ ಬಗ್ಗೆ.

ಮಾರ್ಚ್ 31ಕ್ಕೆ ಲೆಕ್ಕ ಮುಗಿಸೋ ಕಂಪನಿ ಆರು ತಿಂಗಳೊಳಗೆ, ಅಂದ್ರೆ ಸೆಪ್ಟೆಂಬರ್ 30ರೊಳಗೆ ಸಭೆ ನಡೆಸಬೇಕು. ಸಭೆಗೆ ಮುಂಚೆ ಪೂರ್ತಿ 21 ದಿನದ ನೋಟಿಸ್ ಕೊಡಬೇಕು ಅನ್ನುತ್ತೆ 2013ರ ಕಂಪನಿ ಕಾಯ್ದೆಯ 101ನೇ ಸೆಕ್ಷನ್. ಇಲ್ಲಿ ‘ಪೂರ್ತಿ’ ಅನ್ನೋ ಪದಕ್ಕೇ ತೂಕ. ನೋಟಿಸ್ ಕಳಿಸಿದ ದಿನ ಲೆಕ್ಕಕ್ಕಿಲ್ಲ, ಸಭೆಯ ದಿನವೂ ಲೆಕ್ಕಕ್ಕಿಲ್ಲ. ಮಧ್ಯದಲ್ಲಿ 21 ದಿನ ಇರಬೇಕು.

ಸಭೆ ಸೆಪ್ಟೆಂಬರ್ 30ಕ್ಕೆ ಅಂತ ಇಟ್ಕೊಳ್ಳಿ. ಹಿಂದಕ್ಕೆ ಎಣಿಸಿ. 29ರಿಂದ 9ರವರೆಗೆ ಸರಿಯಾಗಿ 21 ದಿನ. ಹಾಗಾಗಿ ಇಮೇಲ್ ತಡ ಅಂದ್ರೆ 8ನೇ ತಾರೀಖು ಹೋಗಿರಬೇಕು. 9ಕ್ಕೆ ಕಳಿಸಿದ್ರೆ ಒಂದು ದಿನ ಕಮ್ಮಿ. ಅಂಚೆಯಲ್ಲಿ ಅಥವಾ ಕೊರಿಯರಿನಲ್ಲಿ ಕಳಿಸಿದ್ರೆ ತಲುಪೋಕೆ ಇನ್ನೆರಡು ದಿನ ಸೇರಿಸಬೇಕು, ಅಂದ್ರೆ 6ನೇ ತಾರೀಖೇ ಕೊನೆ. ಇದಕ್ಕಿಂತ ಕಡಿಮೆ ದಿನದ ನೋಟಿಸಿನಲ್ಲೂ ಎಜಿಎಂ ನಡೆಸಬಹುದು, ಆದರೆ ಮತ ಹಾಕೋ ಹಕ್ಕಿರೋ ಸದಸ್ಯರಲ್ಲಿ ಶೇ 95ರಷ್ಟು ಜನ ಒಪ್ಪಿಗೆ ಕೊಡಬೇಕು. ನಾಲ್ಕು ಜನ ಅಣ್ಣತಮ್ಮಂದಿರ ಕಂಪನಿಗೆ ಅದು ಸುಲಭ. ಊರೂರಲ್ಲಿ ಷೇರುದಾರರಿರೋ ಕಂಪನಿಗೆ ಆಗೋ ಮಾತಲ್ಲ.

ನೋಟಿಸೇ ಬರಲಿಲ್ಲ ಅಂದ್ರೆ? ಇಮೇಲ್ ಹೋಗೋದು ಡಿಮ್ಯಾಟ್ ಖಾತೆಯಲ್ಲಿ ನೋಂದಾಯಿಸಿದ ವಿಳಾಸಕ್ಕೆ. ಅಪ್ಪನ ಹೆಸರಲ್ಲಿ ಖಾತೆ, ತೆರೆದಿದ್ದು ಮಗನ ಇಮೇಲಿನಿಂದ, ಆ ಇಮೇಲಿನ ಪಾಸ್‌ವರ್ಡ್ ಈಗ ಯಾರಿಗೂ ನೆನಪಿಲ್ಲ ಅನ್ನೋ ಕಥೆ ಎಷ್ಟೋ ಮನೆಯಲ್ಲಿದೆ. ಕಂಪನಿ ಕಳಿಸಿಯಾಯ್ತು, ನಿಮಗೆ ಕಾಣಲಿಲ್ಲ ಅಷ್ಟೆ. ಇನ್ನೊಂದು ವಿಷಯ: ಕಂಪನಿ ಕಡೆಯಿಂದ ಆಕಸ್ಮಿಕವಾಗಿ ಒಬ್ಬರಿಗೆ ನೋಟಿಸ್ ತಪ್ಪಿದ್ರೂ ಆ ಕಾರಣಕ್ಕೆ ಸಭೆ ರದ್ದಾಗಲ್ಲ ಅಂತ ಕಾಯ್ದೆ ಹೇಳುತ್ತೆ. ಆದ್ದರಿಂದ ಬ್ರೋಕರ್ ಆ್ಯಪಿನ ಪ್ರೊಫೈಲಿಗೆ ಹೋಗಿ ಇಮೇಲ್ ಯಾವುದಿದೆ ಅಂತ ಈಗಲೇ ನೋಡ್ಕೊಳ್ಳಿ.

ಇನ್ನು ಅಜೆಂಡಾ. ‘ಸಾಮಾನ್ಯ ವ್ಯವಹಾರ’ ಅಂತ ಬರೋದು ನಾಲ್ಕೇ: ಲೆಕ್ಕಪತ್ರ ಒಪ್ಪೋದು, ಲಾಭಾಂಶ ಘೋಷಿಸೋದು, ನಿವೃತ್ತರಾಗೋ ನಿರ್ದೇಶಕರ ಜಾಗಕ್ಕೆ ನೇಮಕ (ಹೆಚ್ಚಾಗಿ ಅವರೇ ಮತ್ತೆ ಬರ್ತಾರೆ), ಆಡಿಟರ್ ನೇಮಕ ಮತ್ತು ಅವರ ಸಂಭಾವನೆ. ಲಾಭಾಂಶದ ಬಗ್ಗೆ ಒಂದು ಮಾತು. ಆಡಳಿತ ಮಂಡಳಿ ಷೇರಿಗೆ 1 ರೂಪಾಯಿ ಅಂತ ಶಿಫಾರಸು ಮಾಡಿದ್ರೆ, ಸಭೆ ಅದನ್ನ 2 ರೂಪಾಯಿ ಮಾಡೋಕಾಗಲ್ಲ. ಒಪ್ಪಬಹುದು, ಕಡಿಮೆ ಮಾಡಬಹುದು, ಹೆಚ್ಚಿಸೋ ಹಾಗಿಲ್ಲ.

ಈ ನಾಲ್ಕು ಬಿಟ್ಟು ಬೇರೆ ಏನೇ ಬಂದ್ರೂ ಅದು ‘ವಿಶೇಷ ವ್ಯವಹಾರ’. ಹೆಸರು ಕೇಳಿ ಗಾಬರಿಯಾಗಬೇಡಿ. ಸಕ್ಕರೆ ಕಂಪನಿಯ ನೋಟಿಸಿನಲ್ಲಿ ಕಾಸ್ಟ್ ಆಡಿಟರ್ ಸಂಭಾವನೆಗೆ ಒಪ್ಪಿಗೆ ಕೇಳೋದೂ ವಿಶೇಷ ವ್ಯವಹಾರವೇ, ಅದು ಮಾಮೂಲಿ ವಿಷಯ. ಆದ್ರೆ ಪ್ರವರ್ತಕರ ಇನ್ನೊಂದು ಸಂಸ್ಥೆ ಜೊತೆ ದೊಡ್ಡ ವ್ಯವಹಾರ, ಹೊಸ ಷೇರು ಹಂಚೋದು, ಇವೂ ಅದೇ ತಲೆಬರಹದ ಕೆಳಗೇ ಬರ್ತವೆ. ಬೇರ್ಪಡಿಸೋದು ಹೇಗೆ? ವಿಶೇಷ ವ್ಯವಹಾರದ ಪ್ರತಿ ವಿಷಯಕ್ಕೂ ನೋಟಿಸಿನ ಜೊತೆ ವಿವರಣಾ ಟಿಪ್ಪಣಿ ಇರಲೇಬೇಕು. ಯಾವ ನಿರ್ದೇಶಕರಿಗೆ, ಅವರ ಯಾವ ಸಂಬಂಧಿಗೆ ಇದರಲ್ಲಿ ಹಿತಾಸಕ್ತಿ ಇದೆ ಅಂತ ಅದರಲ್ಲಿ ಬರೆದಿರಬೇಕು. ಸಮಯ ಇಲ್ಲದವರು ನೋಟಿಸಿನಲ್ಲಿ ಅದೊಂದನ್ನ ಓದಿದ್ರೂ ಸಾಕು ಅನ್ನೋದು ನನ್ನ ಅಭಿಪ್ರಾಯ. ನಿರ್ಣಯ ಸಾಮಾನ್ಯವೋ ವಿಶೇಷವೋ ಅಂತಲೂ ನೋಡಿ. ಸಾಮಾನ್ಯಕ್ಕೆ ಬಹುಮತ ಸಾಕು. ವಿಶೇಷ ನಿರ್ಣಯಕ್ಕೆ ವಿರೋಧದ ಮೂರರಷ್ಟು ಮತ ಪರವಾಗಿ ಬೀಳಬೇಕು.

ಈಗ ಪ್ರಾಕ್ಸಿ. ಜಗಳೂರಿನ ಒಬ್ಬ ಅಕ್ಕನ ಹತ್ರ 200 ಷೇರು ಇದೆ ಅಂದ್ಕೊಳ್ಳಿ. ಸಭೆ ದಾವಣಗೆರೆಯಲ್ಲಿ, ಸೆಪ್ಟೆಂಬರ್ 30ರ ಬೆಳಿಗ್ಗೆ 11ಕ್ಕೆ. ಅವರಿಗೆ ಹೋಗೋಕಾಗಲ್ಲ, ಅಲ್ಲೇ ಓದ್ತಿರೋ ತಮ್ಮನನ್ನ ಕಳಿಸ್ಬೇಕು. ತಮ್ಮನ ಹತ್ರ ಒಂದು ಷೇರೂ ಇಲ್ಲದಿದ್ರೂ ನಡೆಯುತ್ತೆ. ನೋಟಿಸಿನ ಕೊನೆಯಲ್ಲಿರೋ MGT-11 ಫಾರ್ಮ್ ತುಂಬಿ, ರೆವೆನ್ಯೂ ಸ್ಟ್ಯಾಂಪ್ ಹಚ್ಚಿ, ಸಹಿ ಹಾಕಿ, ತಾರೀಖು ಬರೆದು, ಸಭೆಗೆ 48 ಗಂಟೆ ಮೊದಲು, ಅಂದ್ರೆ 28ರ ಬೆಳಿಗ್ಗೆ 11ರೊಳಗೆ, ಕಂಪನಿಯ ನೋಂದಾಯಿತ ಕಚೇರಿಗೆ ತಲುಪಿಸಬೇಕು. ಸಭೆ ದಿನ ಬಾಗಿಲಲ್ಲಿ ಕೊಟ್ರೆ ತಗೊಳ್ಳಲ್ಲ. ಸ್ಟ್ಯಾಂಪ್ ಇಲ್ಲದ, ತಾರೀಖಿಲ್ಲದ, ಪ್ರಾಕ್ಸಿಯ ಹೆಸರು ಖಾಲಿ ಬಿಟ್ಟ ಫಾರ್ಮ್ ಊರ್ಜಿತ ಅಲ್ಲ. ಎರಡು ಫಾರ್ಮ್ ಕೊಟ್ಟಿದ್ರೆ ಕೊನೆಯ ತಾರೀಖಿನದ್ದು ನಿಲ್ಲುತ್ತೆ.

ತಮ್ಮ ಒಳಗೆ ಹೋಗಿ ಏನು ಮಾಡಬಹುದು? ಮತ ಹಾಕಬಹುದು, ಮಾತಾಡೋ ಹಾಗಿಲ್ಲ. ಕೈ ಎತ್ತಿಸಿ ಎಣಿಸೋ ಸಭೆಯಲ್ಲಿ ಪ್ರಾಕ್ಸಿಗೆ ಮತವೂ ಇಲ್ಲ, ಷೇರಿನ ಲೆಕ್ಕದಲ್ಲಿ ಮತದಾನ ಆದ್ರೆ ಮಾತ್ರ. ಪ್ರಶ್ನೆ ಕೇಳ್ಬೇಕು ಅಂತಿದ್ರೆ ಅಕ್ಕನೇ ಹೋಗ್ಬೇಕು. ಒಬ್ಬರೇ ಊರಿಗೆಲ್ಲ ಪ್ರಾಕ್ಸಿ ಆಗೋದಕ್ಕೂ ಮಿತಿ ಇದೆ: 50 ಸದಸ್ಯರು ಮೀರಬಾರದು, ಅವರೆಲ್ಲರ ಷೇರು ಸೇರಿ ಮತದ ಹಕ್ಕಿರೋ ಬಂಡವಾಳದ ಶೇ 10 ದಾಟಬಾರದು.

ಆದ್ರೆ 2020ರ ಕೋವಿಡ್ ಕಾಲದಿಂದ ಎಷ್ಟೋ ಕಂಪನಿಗಳು ಎಜಿಎಂ ಅನ್ನ ವಿಡಿಯೊದಲ್ಲೇ ನಡೆಸ್ತವೆ. ಯಾರೂ ಖುದ್ದಾಗಿ ಬರೋದೇ ಇಲ್ಲ ಅಂದ್ಮೇಲೆ ಅಂಥ ಸಭೆಗೆ ಪ್ರಾಕ್ಸಿಯೂ ಇಲ್ಲ, ಫಾರ್ಮೂ ಲಗತ್ತಿಸಿರಲ್ಲ. ಅದು ಮೋಸ ಅಲ್ಲ. ಲಿಸ್ಟ್ ಆದ ಕಂಪನಿಯಲ್ಲಿ ಆ ಅಕ್ಕ ಮನೆಯಿಂದಲೇ ಇ-ವೋಟಿಂಗ್ ಮಾಡಬಹುದು. ಅದು ಕನಿಷ್ಠ ಮೂರು ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತೆ. ‘ಕಟ್ ಆಫ್’ ತಾರೀಖಿನಂದು ನಿಮ್ಮ ಖಾತೆಯಲ್ಲಿ ಎಷ್ಟು ಷೇರು ಇದೆಯೋ ಅಷ್ಟು ಮತ. ಪ್ರಾಕ್ಸಿಗಿಂತ ಇದು ಎಷ್ಟೋ ಸಲೀಸು. ಒಮ್ಮೆ ಹಾಕಿದ ಮತ ಬದಲಾಯಿಸೋಕಾಗಲ್ಲ, ಸಭೆಗೆ ಹೋದ್ರೂ ಮತ್ತೆ ಹಾಕೋಕಾಗಲ್ಲ.

ಕೊನೆಗೆ, ಷೇರು ಆ್ಯಪೇ ಇಲ್ಲದ ಮನೆಗಳಿಗೆ. ನಿಮ್ಮಪ್ಪ ರೈತ ಉತ್ಪಾದಕ ಕಂಪನಿಯ ಸದಸ್ಯರಾಗಿದ್ರೆ ಅಲ್ಲಿ ಲೆಕ್ಕ ಬೇರೆ. ಚನ್ನಗಿರಿಯ ತುಮ್ಕೋಸ್ ಥರದ ಸಹಕಾರ ಸಂಘ ಅಲ್ಲ, ಕಂಪನಿ ಅಂತ ನೋಂದಣಿ ಆದದ್ದರ ಬಗ್ಗೆ ಹೇಳ್ತಿದ್ದೀನಿ. ಸಂಘಗಳಿಗೆ ಸಹಕಾರ ಕಾಯ್ದೆ ಇದೆ. ಉತ್ಪಾದಕ ಕಂಪನಿಗೆ 21 ಅಲ್ಲ, 14 ದಿನದ ಲಿಖಿತ ನೋಟಿಸ್ ಸಾಕು. ಆದ್ರೆ ಜೊತೆಗೆ ಅಜೆಂಡಾ, ಹಿಂದಿನ ಎಜಿಎಂ ನಡಾವಳಿ, ಆಡಿಟ್ ಆದ ಲೆಕ್ಕಪತ್ರ, ನಿರ್ದೇಶಕ ಸ್ಥಾನಕ್ಕೆ ನಿಂತವರ ಹೆಸರು ಮತ್ತು ಅರ್ಹತೆ ಬರಬೇಕು. ವಾಟ್ಸಾಪ್ ಗ್ರೂಪಿನಲ್ಲಿ ‘ಸೋಮವಾರ ಮೀಟಿಂಗ್ ಇದೆ, ಎಲ್ಲರೂ ಬನ್ನಿ’ ಅಂತ ಒಂದು ಸಾಲು ಹಾಕಿದ್ರೆ ಇದ್ಯಾವುದೂ ಕೈಗೆ ಬಂದ ಹಾಗಾಗಲಿಲ್ಲ. ಕೋರಂ ಕೂಡ ದೊಡ್ಡದು, ಒಟ್ಟು ಸದಸ್ಯರಲ್ಲಿ ಕಾಲು ಭಾಗ. 400 ಸದಸ್ಯರಿದ್ರೆ 100 ಜನ ಬರಬೇಕು. ಸದಸ್ಯರೆಲ್ಲ ರೈತ ವ್ಯಕ್ತಿಗಳೇ ಆಗಿದ್ರೆ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಹಿಂದಿನ ಸಭೆಯ ನಡಾವಳಿ ಕೈಗೆ ಬಂದಾಗ ಹಾಜರಿ ಎಷ್ಟು ಬರೆದಿದ್ದಾರೆ ಅಂತ ನೋಡಿ, ಅವತ್ತು ಹೋಗಿದ್ದವರನ್ನ ಒಂದು ಮಾತು ಕೇಳಿ.