161 ಅಕ್ಷರಗಳ ಶೀರ್ಷಿಕೆಗೆ ಒಂದು ವಿನಯದ ಉತ್ತರ

ಮೂಡಿಗೆರೆ ಕಡೆಯ ಕಾಫಿ ತೋಟದೊಳಗಿನ ಒಂದು ಹೋಮ್‌ಸ್ಟೇಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಾಲ್ಕು ಕೋಣೆ, ಮನೆಯಡುಗೆ, ಹಿಂದೆ ಒಂದು ಹಳ್ಳ. ಮಾಲೀಕರು ಹೊಸದಾಗಿ ವೆಬ್‌ಸೈಟ್ ಮಾಡಿಸುತ್ತಿದ್ದಾರೆ. ಪುಟಗಳೆಲ್ಲ ಸಿದ್ಧವಾದ ಮೇಲೆ ಅವರಿಂದ ಒಂದು ಇಮೇಲ್ ಬರುತ್ತದೆ: ಜನ ಗೂಗಲ್‌ನಲ್ಲಿ ಹುಡುಕುವ ಪದಗಳನ್ನೆಲ್ಲ ಪಟ್ಟಿ ಮಾಡಿದ್ದೇನೆ, ಮುಖಪುಟದ ಶೀರ್ಷಿಕೆಯಲ್ಲಿ ಇವಿಷ್ಟೂ ಬರಲೇಬೇಕು. ಅವರು ಕಳಿಸಿದ್ದು ಹೀಗಿದೆ:

```
Best Homestay in Chikmagalur | Cheap Homestay Chikkamagaluru | Luxury Resort Mudigere | Family Homestay | Couple Homestay | Homestay Near Me | Mullayanagiri Stay
```

ಖಾಲಿ ಜಾಗವನ್ನೂ ಸೇರಿಸಿ ಎಣಿಸಿದರೆ 161 ಅಕ್ಷರ. Homestay ಎಂಬ ಪದ ಐದು ಸಲ ಬಂದಿದೆ. ಇಷ್ಟೆಲ್ಲ ತುಂಬಿದ ಮೇಲೂ ಒಂದು ಸಂಗತಿ ಬಿಟ್ಟುಹೋಗಿದೆ: ಆ ಮನೆಯ ಹೆಸರು.

ವೆಬ್‌ಸೈಟ್ ಕೆಲಸ ಮಾಡುವವರಿಗೆ ಇಂಥ ಪತ್ರ ಹೊಸದಲ್ಲ. ಸೀರೆ ಅಂಗಡಿಯವರು ಬರೆಯುತ್ತಾರೆ, ದಂತವೈದ್ಯರು ಬರೆಯುತ್ತಾರೆ, ಟ್ಯೂಷನ್ ನಡೆಸುವವರು ಬರೆಯುತ್ತಾರೆ. ಇದಕ್ಕೆ ಉತ್ತರ ಬರೆಯುವುದು ಸೂಕ್ಷ್ಮದ ಕೆಲಸ. ಕೇಳಿದವರು ಹಣ ಕೊಡುವ ಗ್ರಾಹಕರು. ಅವರ ಬೇಡಿಕೆಯ ಹಿಂದೆ ಒಂದು ನಿಜವಾದ ಭಯವೂ ಇದೆ. ಯಾವ ಪದ ಬಿಟ್ಟರೂ ಆ ಪದ ಹಿಡಿದು ಬರುವ ಅತಿಥಿ ಕೈತಪ್ಪುತ್ತಾನೆ ಎಂಬ ಭಯ ಅದು. ಆ ಭಯಕ್ಕೆ ಸಮಾಧಾನ ಹೇಳದೆ 'ಇದು ತಪ್ಪು' ಎಂದಷ್ಟೇ ಬರೆದರೆ ಪತ್ರ ಕೆಲಸಕ್ಕೆ ಬಾರದು.

ಈ ನಂಬಿಕೆ ಎಲ್ಲಿಂದ ಬಂತೆಂಬುದನ್ನು ತಿಳಿದರೆ ಉತ್ತರ ಬರೆಯುವುದು ಸುಲಭ. ಮೊದಮೊದಲ ಸರ್ಚ್ ಎಂಜಿನ್‌ಗಳು ಪುಟದಲ್ಲಿ ಒಂದು ಪದ ಎಷ್ಟು ಸಲ ಬಂದಿದೆ ಎಂಬುದಕ್ಕೆ ಬಹಳ ಬೆಲೆ ಕೊಡುತ್ತಿದ್ದವು. ಪುಟದ ತಲೆಭಾಗದಲ್ಲಿ, ಓದುಗರಿಗೆ ಕಾಣದಂತೆ, ಪದಗಳ ಪಟ್ಟಿ ಇಡಲೆಂದೇ ಕೀವರ್ಡ್ಸ್ ಎಂಬ ಜಾಗವೂ ಇತ್ತು. ಜನ ಅದರಲ್ಲಿ ಬೇಕಾದ್ದು ಬೇಡದ್ದೆಲ್ಲ ತುಂಬಿ ಅದನ್ನು ಕೆಡಿಸಿದರು. ಫಲಿತಾಂಶಗಳ ಕ್ರಮ ನಿರ್ಧರಿಸಲು ಆ ಪಟ್ಟಿಯನ್ನು ತಾನು ನೋಡುವುದೇ ಇಲ್ಲ ಎಂದು ಗೂಗಲ್ 2009ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿತು. ಆ ಕಾಲದ ಸಲಹೆ ಮಾತ್ರ ಬಾಯಿಂದ ಬಾಯಿಗೆ ದಾಟುತ್ತ ಇಂದಿಗೂ ಉಳಿದಿದೆ.

ಶೀರ್ಷಿಕೆಯ ಮಾತು ಬೇರೆ. ಅದಕ್ಕೆ ಈಗಲೂ ತೂಕವಿದೆ. ಬ್ರೌಸರ್‌ನ ಟ್ಯಾಬ್ ಮೇಲೆ ಕಾಣುವುದು ಅದೇ, ಹುಡುಕಾಟದ ಫಲಿತಾಂಶದಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದೂ ಬಹುಮಟ್ಟಿಗೆ ಅದೇ. ಅದನ್ನು ಎಷ್ಟು ಉದ್ದ ಬೇಕಾದರೂ ಬರೆಯಬಹುದು, ಗೂಗಲ್ ಮಿತಿ ಹಾಕಿಲ್ಲ. ತೋರಿಸುವಾಗ ಮಾತ್ರ ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ. ಇಂಗ್ಲಿಷ್ ಅಕ್ಷರಗಳಾದರೆ ಕಂಪ್ಯೂಟರ್ ಪರದೆಯಲ್ಲಿ ಸುಮಾರು 55ರಿಂದ 60 ಅಕ್ಷರ ಹಿಡಿಸುತ್ತದೆ ಎಂಬುದು ಈ ಕೆಲಸದವರ ಅಂದಾಜು. ಕನ್ನಡದ ಅಕ್ಷರಗಳು ಅಗಲವಾದ್ದರಿಂದ ಇನ್ನೂ ಕಡಿಮೆ. ಹಾಗಾಗಿ ಮಾಲೀಕರ 161 ಅಕ್ಷರಗಳಲ್ಲಿ ಅತಿಥಿಯ ಕಣ್ಣಿಗೆ ಬೀಳುವುದು ಹೆಚ್ಚೆಂದರೆ ಎರಡನೆಯ Homestay ದಾಟುವವರೆಗೆ. ಕುಟುಂಬ, ದಂಪತಿ, ಮುಳ್ಳಯ್ಯನಗಿರಿ ಎಲ್ಲ ಮೂರು ಚುಕ್ಕಿಗಳ ಹಿಂದೆ ಮರೆಯಾಗುತ್ತವೆ.

ಕತ್ತರಿಸುವುದಷ್ಟೇ ಅಲ್ಲ, ಗೂಗಲ್ ಶೀರ್ಷಿಕೆಯನ್ನೇ ಬದಲಿಸಿಬಿಡುವುದೂ ಉಂಟು. 2021ರ ಆಗಸ್ಟ್‌ನಲ್ಲಿ ಅದು ಶೀರ್ಷಿಕೆ ತೋರಿಸುವ ಪದ್ಧತಿಯನ್ನು ಹೊಸದು ಮಾಡಿತು. ಮರುತಿಂಗಳು ಹೇಳಿದ ಲೆಕ್ಕದಂತೆ, ಪುಟದವರೇ ಬರೆದ ಶೀರ್ಷಿಕೆಯನ್ನು ಅದು 87 ಶೇಕಡಾ ಸಲ ಬಳಸುತ್ತಿತ್ತು. ಉಳಿದ ಕಡೆ ಪುಟದೊಳಗಿನ ದೊಡ್ಡ ತಲೆಬರಹದಿಂದಲೋ ಬೇರೆಯವರು ಆ ಪುಟಕ್ಕೆ ಕೊಟ್ಟ ಕೊಂಡಿಯ ಮಾತಿನಿಂದಲೋ ತಾನೇ ಒಂದನ್ನು ಕಟ್ಟುತ್ತಿತ್ತು. ಒಂದೇ ಪದವನ್ನು ಮತ್ತೆ ಮತ್ತೆ ತುರುಕಿದ ಶೀರ್ಷಿಕೆ ಬೇಡ ಎಂದು ಅದರ ಮಾರ್ಗಸೂಚಿಯಲ್ಲೇ ಇದೆ. ಎಲ್ಲ ಪದವೂ ಇರಲೆಂದು ತುಂಬಿದವರು ತಮ್ಮ ಶೀರ್ಷಿಕೆಯ ಮೇಲಿನ ಹಿಡಿತವನ್ನೇ ಕಳೆದುಕೊಳ್ಳುವ ಸಂಭವ ಹೆಚ್ಚು.

ಇಲ್ಲಿ ಪ್ರಾಮಾಣಿಕವಾಗಿರಬೇಕು. 'ಹೀಗೆ ಮಾಡಿದರೆ ಗೂಗಲ್ ನಿಮ್ಮ ಸೈಟನ್ನೇ ತೆಗೆದುಹಾಕುತ್ತದೆ' ಎಂದು ಹೆದರಿಸಿ ಗ್ರಾಹಕರನ್ನು ಒಪ್ಪಿಸುವವರಿದ್ದಾರೆ. ತುಂಬಿದ ಒಂದು ಶೀರ್ಷಿಕೆಗೆ ಸಾಮಾನ್ಯವಾಗಿ ಅಂಥ ಶಿಕ್ಷೆ ಬರುವುದಿಲ್ಲ. ಅದು ಕತ್ತರಿಸಲ್ಪಡುತ್ತದೆ, ಇಲ್ಲವೇ ಬದಲಾಗುತ್ತದೆ, ಇಲ್ಲವೇ ಅತಿಥಿಗೆ ಏನೂ ಹೇಳದೆ ಸುಮ್ಮನೆ ಕೂರುತ್ತದೆ. ನಷ್ಟ ಇದೇ, ಹೇಳಬೇಕಾದ್ದೂ ಇಷ್ಟನ್ನೇ.

ಇನ್ನು ಪಟ್ಟಿಯ ಪದಗಳು. Cheap ಮತ್ತು Luxury ಒಂದೇ ಸಾಲಿನಲ್ಲಿ ಕೂತರೆ ಓದುವವನು ಎರಡನ್ನೂ ನಂಬುವುದಿಲ್ಲ. Resort ಎಂದು ಓದಿ ಬಂದವನು ಈಜುಕೊಳ ಎಲ್ಲಿ ಎಂದು ಕೇಳುತ್ತಾನೆ. ಮೂಡಿಗೆರೆಯಿಂದ ಮುಳ್ಳಯ್ಯನಗಿರಿಗೆ ಹೋಗಬೇಕಾದರೆ ಚಿಕ್ಕಮಗಳೂರು ಪೇಟೆ ತಲುಪಿ ಮತ್ತೆ ಗಿರಿ ಹತ್ತಬೇಕು. ಬೆಟ್ಟದ ಬುಡದಲ್ಲೇ ಇಳಿಯುತ್ತೇನೆಂದು ಕೋಣೆ ಹಿಡಿದವರಿಗೆ ಇದು ಮೋಸ ಎನಿಸದಿರದು. Near Me ಎಂಬುದನ್ನು ಹುಡುಕುವವನು ಬರೆಯುತ್ತಾನೆ, ಉತ್ತರಿಸುವ ಗೂಗಲ್ ಅವನು ನಿಂತ ಜಾಗವನ್ನು ನೋಡುತ್ತದೆ. ಪುಟದ ಶೀರ್ಷಿಕೆಯಲ್ಲಿ ಅದನ್ನು ಬರೆದರೆ ಮನೆ ಯಾರ ಹತ್ತಿರಕ್ಕೂ ಬರುವುದಿಲ್ಲ.

ಊರಿನ ಹೆಸರಿನದು ಮಾತ್ರ ನಮ್ಮಲ್ಲಿ ನಿಜವಾದ ಗೊಂದಲ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಯಿತು. Chikmagalur ಅಂದಿನಿಂದ Chikkamagaluru. ಪ್ರವಾಸಿಗರು ಹಳೆಯದನ್ನೂ ಬರೆಯುತ್ತಾರೆ, ಹೊಸದನ್ನೂ ಬರೆಯುತ್ತಾರೆ. ಎರಡೂ ಒಂದೇ ಊರೆಂಬುದು ಸರ್ಚ್ ಎಂಜಿನ್‌ಗೆ ತಿಳಿಯುತ್ತದೆ. ಶೀರ್ಷಿಕೆಯಲ್ಲಿ ಒಂದನ್ನು ಬರೆದು, ಪುಟದೊಳಗಿನ ವಿಳಾಸದಲ್ಲಿ ಅಧಿಕೃತ ಕಾಗುಣಿತವನ್ನು ಬಳಸಿದರೆ ಸಾಕು.

ಇವಿಷ್ಟನ್ನೂ ಮಾಲೀಕರಿಗೆ ಪಾಠದಂತೆ ಒಪ್ಪಿಸಿದರೆ ಅವರು ಓದುವುದಿಲ್ಲ. ತೋಟದ ಕೆಲಸದ ನಡುವೆ ಫೋನಿನಲ್ಲಿ ಓದುವವರಿಗೆ ಒಂದು ನಿಮಿಷದ ಪತ್ರ ಸಾಕು. ಅದು ಹೀಗಿರಬಹುದು:

"ನಮಸ್ಕಾರ ಸರ್. ನೀವು ಕಳಿಸಿದ ಪದಗಳ ಪಟ್ಟಿ ನೋಡಿದೆ. ಜನ ನಿಜವಾಗಿ ಏನು ಹುಡುಕುತ್ತಾರೆ ಎಂಬುದು ಅದರಲ್ಲಿದೆ, ನನಗೆ ತುಂಬ ಉಪಯೋಗವಾಯಿತು. ಇದರಲ್ಲಿ ಹೆಚ್ಚಿನವನ್ನು ಬಳಸಿಕೊಳ್ಳುತ್ತೇನೆ; ಎಲ್ಲವನ್ನೂ ಒಂದೇ ಸಾಲಿಗೆ ಹಾಕುವುದು ಮಾತ್ರ ಬೇಡ ಎನಿಸುತ್ತದೆ. ಗೂಗಲ್ ಸುಮಾರು 60 ಅಕ್ಷರ ತೋರಿಸಿ ಉಳಿದದ್ದನ್ನು ಕತ್ತರಿಸುತ್ತದೆ. ನೀವು ಹೇಳಿದ ಶೀರ್ಷಿಕೆ ಹೇಗೆ ಕಾಣಬಹುದು ಎಂಬ ಚಿತ್ರ ಜೊತೆಗಿದೆ, ಅದರಲ್ಲಿ ನಿಮ್ಮ ಮನೆಯ ಹೆಸರೇ ಕಾಣುವುದಿಲ್ಲ. ಕೆಳಗೆ ಎರಡು ಶೀರ್ಷಿಕೆ ಕೊಟ್ಟಿದ್ದೇನೆ. ಮುಖಪುಟಕ್ಕೆ ಮೊದಲನೆಯದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಕುಟುಂಬದವರಿಗೆ, ದಂಪತಿಗಳಿಗೆ, ಚಾರಣಕ್ಕೆ ಬರುವವರಿಗೆ ಬೇರೆ ಬೇರೆ ಪುಟ ಮಾಡೋಣ, ಆ ಪದಗಳು ಅಲ್ಲಿ ಬರುತ್ತವೆ. ಸೋಮವಾರದೊಳಗೆ ಒಂದನ್ನು ಹೇಳಿದರೆ ಅಂದೇ ಹಾಕುತ್ತೇನೆ."

ಚಿತ್ರವೇ ಈ ಪತ್ರದ ಜೀವ. ಕತ್ತರಿಸಿದ ಶೀರ್ಷಿಕೆಯನ್ನು ಕಣ್ಣಾರೆ ಕಂಡವರಿಗೆ ಮತ್ತೆ ವಾದ ಮಾಡಿ ಹೇಳಬೇಕಾಗುವುದಿಲ್ಲ. ಇನ್ನೊಂದು, ಪದಗಳನ್ನು 'ತೆಗೆಯುತ್ತೇನೆ' ಎನ್ನದೆ ಅವು ಎಲ್ಲಿಗೆ ಹೋಗುತ್ತವೆ ಎಂದು ಹೇಳಿರುವುದು. ಮಾಲೀಕರ ಭಯಕ್ಕೆ ಉತ್ತರ ಇರುವುದು ಆ ಸಾಲಿನಲ್ಲಿ. ಹತ್ತು ಆಯ್ಕೆ ಕೊಟ್ಟರೆ ಅವರು ಎಲ್ಲದರಿಂದ ಒಂದೊಂದು ಪದ ಕಿತ್ತು ಮತ್ತೆ ಉದ್ದದ ಸಾಲು ಮಾಡಿ ಕಳಿಸುತ್ತಾರೆ. ಎರಡೇ ಇದ್ದರೆ ಆರಿಸುತ್ತಾರೆ. ಆ ಎರಡು ಇವು:

```
Coffee Estate Homestay in Mudigere, Chikmagalur
Homestay for Families in Mudigere – Home-Cooked Malnad Food
```

ಮೊದಲನೆಯದು 47 ಅಕ್ಷರ. ಕೊನೆಗೊಂದು ಗೆರೆ ಎಳೆದು ಹತ್ತು ಅಕ್ಷರದ ಮನೆ ಹೆಸರು ಸೇರಿಸಿದರೂ 60ಕ್ಕೆ ನಿಲ್ಲುತ್ತದೆ. ಏನು, ಎಲ್ಲಿ, ಯಾರದು ಎಂಬ ಮೂರೂ ಅದರಲ್ಲಿವೆ. Coffee Estate ಎಂಬ ಎರಡು ಪದ Best ಮಾಡಲಾರದ ಕೆಲಸ ಮಾಡುತ್ತವೆ: ಬೆಸ್ಟ್ ಎಂದು ಎಲ್ಲರೂ ಬರೆದುಕೊಳ್ಳಬಹುದು, ಕಾಫಿ ತೋಟದೊಳಗೇ ಮನೆ ಇದ್ದವರು ಮಾತ್ರ ಹಾಗೆಂದು ಬರೆಯಬಹುದು. ಎರಡನೆಯದು 59 ಅಕ್ಷರ; ಮನೆಯ ಹೆಸರಿಗೆ ಜಾಗ ಉಳಿಯದ ಕಾರಣ ಮುಖಪುಟಕ್ಕಿಂತ ಕುಟುಂಬಗಳ ಪುಟಕ್ಕೆ ಹೊಂದುತ್ತದೆ. ಚಾರಣದ ಪುಟಕ್ಕೆ ಮುಳ್ಳಯ್ಯನಗಿರಿಯ ಬದಲು ಮೂಡಿಗೆರೆ ತಾಲ್ಲೂಕಿನದೇ ಆದ ದೇವರಮನೆ, ಬಲ್ಲಾಳರಾಯನ ದುರ್ಗ ಇವೆ. ಅವುಗಳ ದಾರಿಯನ್ನೂ ಬೇಕಾಗುವ ಹೊತ್ತನ್ನೂ ಆ ಪುಟದಲ್ಲಿ ಬರೆದಿದ್ದರೆ ಶೀರ್ಷಿಕೆಗೂ ಅದಕ್ಕೂ ತಾಳೆಯಾಗುತ್ತದೆ.

ಬದಲಾಯಿಸಿದ್ದು ಫಲ ಕೊಟ್ಟಿತೇ ಎಂದು ತಿಳಿಯಲು ಗೂಗಲ್‌ನ ಸರ್ಚ್ ಕನ್ಸೋಲ್ ಇದೆ, ಉಚಿತ. ಯಾವ ಪದಕ್ಕೆ ಪುಟ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು ಎಂಬುದು ಅದರಲ್ಲಿ ಸಿಗುತ್ತದೆ. ಗೂಗಲ್ ಪುಟವನ್ನು ಮತ್ತೆ ಓದಿಕೊಳ್ಳಬೇಕಾದ್ದರಿಂದ ಕೆಲವು ವಾರ ಕಾಯಬೇಕು. ಮಲೆನಾಡಿನ ಹೋಮ್‌ಸ್ಟೇಗೆ ಇನ್ನೊಂದು ತೊಡಕಿದೆ. ನವೆಂಬರ್‌ನಲ್ಲಿ ಶೀರ್ಷಿಕೆ ಬದಲಿಸಿ ಡಿಸೆಂಬರ್‌ನಲ್ಲಿ ಜನ ಹೆಚ್ಚಾದರೆ ಅದು ಶೀರ್ಷಿಕೆಯಿಂದಲೋ ಕ್ರಿಸ್‌ಮಸ್ ರಜೆಯಿಂದಲೋ ಹೇಳಲಾಗದು. ಅದಕ್ಕೇ ಹಿಂದಿನ ತಿಂಗಳಿನ ಬದಲು ಹಿಂದಿನ ವರ್ಷದ ಅದೇ ವಾರಗಳ ಜೊತೆ ಹೋಲಿಸಬೇಕು. ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟುಕೊಂಡಿರುತ್ತದೆ. ಹಳೆಯ ಸೈಟ್ ಇದ್ದು ಅದನ್ನು ಮೊದಲೇ ಕನ್ಸೋಲ್‌ಗೆ ಜೋಡಿಸಿದ್ದರೆ ಇದು ಸಾಧ್ಯ. ಹೊಸ ಸೈಟ್ ಆದರೆ ನೂರು ಸಲ ಕಂಡಾಗ ಎಷ್ಟು ಸಲ ಒತ್ತಿದರು ಎಂಬುದನ್ನಷ್ಟೇ ನೋಡಿಕೊಂಡು ಹೋಗಬೇಕು. ಅಂದಹಾಗೆ, ಶೀರ್ಷಿಕೆಯೊಂದೇ ಯಾವ ಪುಟವನ್ನೂ ಮೊದಲ ಸ್ಥಾನಕ್ಕೆ ಒಯ್ಯುವುದಿಲ್ಲ. ಈ ಮಾತನ್ನು ಪತ್ರದಲ್ಲಿ ಮೊದಲೇ ಹೇಳಿಟ್ಟರೆ ಮೂರು ತಿಂಗಳ ನಂತರ ಮನಸ್ತಾಪ ಆಗುವುದಿಲ್ಲ.

ಮಾಲೀಕರ ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಇದು: ಶೀರ್ಷಿಕೆಯಲ್ಲಿ ಬೇಡವಾದರೆ, ಆ ಪದಗಳನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ಹೆಸರಿನ ಮುಂದೆ ಸೇರಿಸೋಣವೇ? ಇಲ್ಲಿ ಮಾತ್ರ ಖಚಿತವಾಗಿ 'ಬೇಡ' ಎನ್ನಬೇಕು. ಮ್ಯಾಪ್‌ನಲ್ಲಿನ ಹೆಸರು ಹೊರಗಿನ ಬೋರ್ಡಿನಲ್ಲಿರುವ, ಜನ ಕರೆಯುವ ಹೆಸರೇ ಆಗಿರಬೇಕು ಎಂಬುದು ಗೂಗಲ್‌ನ ನಿಯಮ. ಅನಗತ್ಯ ಪದ ಸೇರಿಸಿದ ಪ್ರೊಫೈಲನ್ನು ಅದು ಅಮಾನತು ಮಾಡಬಹುದು. ಘಾಟಿ ಹತ್ತಿ ಬರುವ ಅತಿಥಿ ದಾರಿ ಹುಡುಕುವುದೂ ಅದೇ ಮ್ಯಾಪ್ ಹಿಡಿದು. ಆ ಉತ್ತರ ಎರಡೇ ಸಾಲಿನಲ್ಲಿ ಮುಗಿಯುತ್ತದೆ: "ಸರ್, ಗೇಟಿನ ಬೋರ್ಡಿನ ಮೇಲಿರುವ ಹೆಸರನ್ನೇ ಮ್ಯಾಪ್‌ನಲ್ಲೂ ಇಡೋಣ. ಬೋರ್ಡಿನ ಒಂದು ಫೋಟೊ ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ."